ಮೊದಲ ಸಂಬಳದ ಚೀಟಿಯಲ್ಲಿ ಕಾಣದ 11,841 ರೂಪಾಯಿ

ನಮಸ್ಕಾರ. ಪರದೆಯ ಮೇಲೆ ಕಾಣುತ್ತಿರುವ ಈ ಫೋಟೋ ಕಳುಹಿಸಿದವಳು ನನ್ನ ಅಕ್ಕನ ಮಗಳು. ಜೂನ್ 9ರಂದು ಬೆಂಗಳೂರಿನ ಒಂದು ಕಂಪನಿಗೆ ಸೇರಿದಳು. ಜೀವನದ ಮೊದಲ ಕೆಲಸ, ಮೊದಲ ಸಂಬಳದ ಚೀಟಿ. ಅದನ್ನು ಮೇಜಿನ ಮೇಲಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದು ನನಗೆ ಕಳುಹಿಸಿ, ಕೆಳಗೆ ಒಂದೇ ಸಾಲು ಬರೆದಿದ್ದಳು: "ಚಿಕ್ಕಮ್ಮ, ನನ್ನ ದುಡ್ಡೆಲ್ಲ ಎಲ್ಲಿ ಹೋಯಿತು?"

ಅವಳ ಒಪ್ಪಿಗೆ ಪಡೆದೇ ಇದನ್ನು ತೋರಿಸುತ್ತಿದ್ದೇನೆ. ಹೆಸರು, ಬ್ಯಾಂಕ್ ಖಾತೆ, ಪ್ಯಾನ್ ಮತ್ತು ಪಿಎಫ್ ಸಂಖ್ಯೆಗಳನ್ನು ಮುಚ್ಚಿದ್ದೇನೆ. ನೀವೂ ಯಾರಿಗಾದರೂ ಚೀಟಿಯ ಫೋಟೋ ಕಳುಹಿಸುವಾಗ ಈ ನಾಲ್ಕನ್ನು ಮೊದಲು ಮುಚ್ಚಿಬಿಡಿ. ಲೆಕ್ಕ ಅರ್ಥ ಮಾಡಿಸುವವರಿಗೆ ಅವುಗಳ ಅಗತ್ಯವೇ ಇಲ್ಲ.

ನೇಮಕಾತಿ ಪತ್ರದಲ್ಲಿ ಅವಳ ವಾರ್ಷಿಕ ಸಿಟಿಸಿ, ಅಂದರೆ ಅವಳಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು, 3,90,258 ರೂಪಾಯಿ ಎಂದಿತ್ತು. ಅದನ್ನು 12ರಿಂದ ಭಾಗಿಸಿ, ತಿಂಗಳಿಗೆ 32,521 ರೂಪಾಯಿ ಬರುತ್ತದೆ ಎಂದುಕೊಂಡಿದ್ದಳು. ಖಾತೆಗೆ ಬಂದದ್ದು 20,680. ವ್ಯತ್ಯಾಸ 11,841 ರೂಪಾಯಿ. ಹದಿನೈದು ವರ್ಷ ಸಂಬಳದ ಲೆಕ್ಕ ಮಾಡಿದವಳು ನಾನು. ಮೊದಲ ಚೀಟಿ ಹಿಡಿದುಕೊಂಡು ಬಾಗಿಲ ಬಳಿ ನಿಂತ ಎಷ್ಟೋ ಮುಖಗಳನ್ನು ನೋಡಿದ್ದೇನೆ. ಸೇರುವ ದಿನ ಹತ್ತು ನಿಮಿಷ ಕೂರಿಸಿ ವಿವರಿಸಿದ್ದರೆ ಆ ಆತಂಕಕ್ಕೆ ಜಾಗವೇ ಇರುತ್ತಿರಲಿಲ್ಲ. ಆ ಹತ್ತು ನಿಮಿಷವನ್ನು ಕೊಡುವುದು ಕಂಪನಿಯ ಕರ್ತವ್ಯ ಎಂದೇ ನಾನು ನಂಬಿದ್ದೇನೆ.

ಈಗ ಚೀಟಿಗೆ ಬರೋಣ. ಅವಳು ಕಳುಹಿಸಿದ ಮೊದಲ ಫೋಟೋದಲ್ಲಿ ಚೀಟಿಯ ಮೇಲ್ಭಾಗವೇ ಇರಲಿಲ್ಲ. ಹೆಚ್ಚಿನವರು ಹೀಗೇ ಮಾಡುತ್ತಾರೆ. ಮೊತ್ತಗಳಿರುವ ಭಾಗವನ್ನಷ್ಟೇ ತೆಗೆಯುತ್ತಾರೆ. ನಾನು ಮೇಲ್ಭಾಗವನ್ನೂ ಕೇಳಿ ತರಿಸಿಕೊಂಡೆ. ಅಲ್ಲಿ ಸಣ್ಣ ಅಕ್ಷರದಲ್ಲಿತ್ತು: ತಿಂಗಳ ದಿನಗಳು 30, ಪಾವತಿಯ ದಿನಗಳು 22. ಚೀಟಿಯನ್ನು ಓದಲು ಶುರು ಮಾಡಬೇಕಾದದ್ದು ಇಲ್ಲಿಂದಲೇ. ಜೂನ್ 9ರಿಂದ 30ರವರೆಗೆ 22 ದಿನ. ಅವಳ ಪೂರ್ಣ ತಿಂಗಳ ಸಂಬಳದಲ್ಲಿ ಮೂಲ ವೇತನ 15,000, ಮನೆ ಬಾಡಿಗೆ ಭತ್ಯೆ 6,000, ವಿಶೇಷ ಭತ್ಯೆ 9,000, ಒಟ್ಟು 30,000 ರೂಪಾಯಿ. ಇದನ್ನು 30ರಿಂದ ಭಾಗಿಸಿ 22ರಿಂದ ಗುಣಿಸಿದರೆ 22,000. ಚೀಟಿಯ ಎಡಭಾಗದ ಗಳಿಕೆಯಲ್ಲಿ 11,000, 4,400 ಮತ್ತು 6,600 ಎಂದು ಇರುವುದು ಅದೇ. ಕಾಣೆಯಾದ ಹಣದಲ್ಲಿ 8,000 ರೂಪಾಯಿ ಇಲ್ಲಿಗೆ ಸಿಕ್ಕಿತು. ಅದು ಕಡಿತವಲ್ಲ, ಅವಳು ಸೇರುವುದಕ್ಕೆ ಮುಂಚಿನ ಎಂಟು ದಿನಗಳ ಸಂಬಳ.

ಎಡಭಾಗದ ಮೂರು ಸಾಲುಗಳಲ್ಲಿ ಅವಳು ಗಮನವಿಟ್ಟು ನೋಡಬೇಕಾದದ್ದು ಮೂಲ ವೇತನ ಒಂದನ್ನೇ. ಅವಳ ವರಮಾನಕ್ಕೆ ಆದಾಯ ತೆರಿಗೆಯೇ ಬರುವುದಿಲ್ಲವಾದ್ದರಿಂದ ಭತ್ಯೆಗಳಿಗೆ ಯಾವ ಹೆಸರಿಟ್ಟಿದ್ದಾರೆ ಎಂಬುದು ಸದ್ಯಕ್ಕೆ ದೊಡ್ಡ ಸಂಗತಿಯಲ್ಲ. ಭವಿಷ್ಯ ನಿಧಿ, ಅಂದರೆ ಪಿಎಫ್, ಮತ್ತು ಕೆಲಸ ಬಿಡುವಾಗ ಸೇವೆಗಾಗಿ ಕಂಪನಿ ಕೊಡುವ ಗ್ರಾಚ್ಯುಟಿ ಎರಡೂ ಮೂಲ ವೇತನವನ್ನೇ ನೆಚ್ಚಿಕೊಂಡಿವೆ.

ಬಲಭಾಗದ ಕಡಿತಗಳಲ್ಲಿ ಪಿಎಫ್ ಸಾಲಿನ ಮೇಲೆ ಕಾಗದದ ಮಡಿಕೆ ಹಾದುಹೋಗಿ, ಫೋಟೋದಲ್ಲಿ ಮೊತ್ತ 7,320 ಎಂದು ಕಾಣುತ್ತಿತ್ತು. ಪಾಪ, ಅವಳಿಗೆ ಅಷ್ಟು ಗಾಬರಿಯಾಗಿದ್ದು ಆ ಅಂಕಿಯಿಂದಲೇ. ಆದರೆ ಗಳಿಕೆ 22,000, ಕೈಗೆ ಬಂದದ್ದು 20,680. ಕಡಿತ 1,320 ಮಾತ್ರ ಇರಲು ಸಾಧ್ಯ. ಪಿಎಫ್‌ಗೆ ಕಡಿತವಾಗುವುದು ಮೂಲ ವೇತನದ ಶೇ 12. 11,000ದ ಶೇ 12 ಎಷ್ಟು ಎಂದು ನೋಡಿದರೂ ಅದೇ 1,320. ಮಸುಕಾದ ಫೋಟೋ ಓದುವಾಗ ಕಣ್ಣನ್ನು ನಂಬಬೇಡಿ, ಕೂಡಿ ಕಳೆದು ನೋಡಿ.

ವೃತ್ತಿ ತೆರಿಗೆಯ ಸಾಲಿನಲ್ಲಿ ಸೊನ್ನೆ ಇದೆ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ರೂಪಾಯಿ ಮುಟ್ಟಿದರೆ ಮಾತ್ರ ಅದು ಬರುತ್ತದೆ. ಜೂನ್‌ನಲ್ಲಿ ಅವಳದು 22,000. ಆದಾಯ ತೆರಿಗೆ, ಅಂದರೆ ಟಿಡಿಎಸ್ ಸಾಲಿನಲ್ಲೂ ಸೊನ್ನೆ. 2025–26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ ವಾರ್ಷಿಕ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆ ಬರುವುದಿಲ್ಲ. ನಿಮ್ಮ ವರಮಾನ ಇದಕ್ಕಿಂತ ತುಂಬ ಕಡಿಮೆಯಿದ್ದೂ ಟಿಡಿಎಸ್ ಸಾಲಿನಲ್ಲಿ ಮೊತ್ತ ಕಂಡರೆ, ವರ್ಷದ ಅಂದಾಜು ಆದಾಯವನ್ನು ಎಷ್ಟೆಂದು ಹಿಡಿದಿದ್ದೀರಿ ಎಂದು ಲೆಕ್ಕ ವಿಭಾಗವನ್ನು ಕೇಳಿ. ತಪ್ಪಿ ಕಡಿತವಾಗಿದ್ದರೂ ರಿಟರ್ನ್ ಸಲ್ಲಿಸಿ ಹಿಂದಕ್ಕೆ ಪಡೆಯಬಹುದು.

ಹಾಗಾದರೆ 8,000 ಮತ್ತು 1,320 ಸಿಕ್ಕವು. ಇನ್ನೂ 2,521 ರೂಪಾಯಿ ಉಳಿಯಿತು. ಅದನ್ನು ಚೀಟಿಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಏಕೆಂದರೆ ಅದು ಸಿಟಿಸಿಯಲ್ಲಿದೆಯೇ ಹೊರತು ಸಂಬಳದಲ್ಲಿಲ್ಲ. ಅದರಲ್ಲಿ 1,800 ರೂಪಾಯಿ ಕಂಪನಿ ತನ್ನ ಪಾಲಾಗಿ ಪಿಎಫ್‌ಗೆ ಕಟ್ಟುವ ಹಣ. ಉಳಿದ 721 ರೂಪಾಯಿ ಗ್ರಾಚ್ಯುಟಿಗೆಂದು ತೆಗೆದಿಟ್ಟ ಲೆಕ್ಕ. ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷ ಸೇವೆ ಮುಗಿದ ಮೇಲೆ ಮಾತ್ರ ಕೈಗೆ ಸಿಗುವಂಥದ್ದು. ಐದು ವರ್ಷದ ನಂತರ ಸಿಗಬಹುದಾದ ಹಣವನ್ನು ಇಂದಿನ ಸಂಬಳದ ಮೊತ್ತದೊಳಗೆ ಸೇರಿಸಿ ಇಪ್ಪತ್ತೆರಡು ವರ್ಷದ ಹುಡುಗಿಯ ಮುಂದಿಡುವುದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ನೇಮಕಾತಿ ಪತ್ರದಲ್ಲಿ ಕೈಗೆ ಬರುವ ಮೊತ್ತವನ್ನೂ ಒಂದು ಸಾಲಿನಲ್ಲಿ ಬರೆಯಬೇಕು.

ಕೆಲವು ಕಂಪನಿಗಳು ತಮ್ಮ ಪಿಎಫ್ ಪಾಲನ್ನೂ ಚೀಟಿಯಲ್ಲಿ ತೋರಿಸುತ್ತವೆ. ಆಗ ಅದು ಗಳಿಕೆಯಲ್ಲೂ ಕಡಿತದಲ್ಲೂ ಎರಡೂ ಕಡೆ ಇದ್ದರೆ ನಿಮಗೆ ನಷ್ಟವಿಲ್ಲ, ಒಂದಕ್ಕೊಂದು ಹೊಡೆದುಹೋಗುತ್ತದೆ. ಕಡಿತದಲ್ಲಿ ಮಾತ್ರ ಇದ್ದು ಗಳಿಕೆಯಲ್ಲಿ ಇಲ್ಲದಿದ್ದರೆ, ಕಂಪನಿ ಕೊಡಬೇಕಾದ ಪಾಲನ್ನು ನಿಮ್ಮ ಸಂಬಳದಿಂದಲೇ ತೆಗೆಯುತ್ತಿದೆ ಎಂದರ್ಥ. ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಅಂಥ ಚೀಟಿ ಬಂದರೆ ಬಾಯಿಮಾತಿನಲ್ಲಿ ಕೇಳಬೇಡಿ, ಇಮೇಲ್‌ನಲ್ಲಿ ಕೇಳಿ.

ಈಗ ನಾನು ಈ ವಿಡಿಯೊ ಮಾಡಲು ಮುಖ್ಯ ಕಾರಣ. ಚೀಟಿಯಲ್ಲಿ ಪಿಎಫ್ ಕಡಿತವಾಗಿದೆ ಎಂದಿದ್ದರೆ ಅದು ಕಂಪನಿಯ ಹೇಳಿಕೆ ಮಾತ್ರ. ಹಣ ನಿಧಿಗೆ ಸೇರಿತೇ ಎಂಬುದನ್ನು ಹೇಳುವುದು ಪಿಎಫ್ ಪಾಸ್‌ಬುಕ್. ನಾನು ಮೊದಲು ಸೇರಿದ ಕಚೇರಿಯಲ್ಲಿ ಏಳು ತಿಂಗಳು ನನ್ನ ಚೀಟಿಯಲ್ಲಿ ಪಿಎಫ್ ಸಾಲು ತಪ್ಪದೆ ಬಂದಿತ್ತು. ಕೆಲಸ ಬಿಟ್ಟು ಹಣ ಕೇಳಲು ಹೋದಾಗ ಒಂದು ತಿಂಗಳದ್ದೂ ಕಟ್ಟಿರಲಿಲ್ಲ ಎಂದು ತಿಳಿಯಿತು. ಆಗ ಮೊಬೈಲಿನಲ್ಲಿ ಪಾಸ್‌ಬುಕ್ ನೋಡುವ ಅನುಕೂಲವಿರಲಿಲ್ಲ. ನಿಮಗೆ ಇದೆ, ದಯವಿಟ್ಟು ಬಳಸಿಕೊಳ್ಳಿ.

ಚೀಟಿಯಲ್ಲಿ ಯುಎಎನ್ ಎಂಬ 12 ಅಂಕಿಯ ಸಂಖ್ಯೆ ಇರುತ್ತದೆ. ಕೆಲಸ ಬದಲಾದರೂ ಅದು ಬದಲಾಗುವುದಿಲ್ಲ. ಅದನ್ನು ಸಕ್ರಿಯಗೊಳಿಸಿಕೊಂಡರೆ ಪಿಎಫ್ ನೋಡಿಕೊಳ್ಳುವ ಸಂಸ್ಥೆಯಾದ ಇಪಿಎಫ್‌ಒದ ಜಾಲತಾಣದಲ್ಲಿ ಅಥವಾ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆಯಬಹುದು. ಕಂಪನಿ ಒಂದು ತಿಂಗಳ ಹಣವನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಹಾಗಾಗಿ ಜೂನ್ ಹಣಕ್ಕೆ ಜುಲೈ 15 ಕಳೆದು, ಇನ್ನೂ ಕೆಲವು ದಿನ ಬಿಟ್ಟು ನೋಡುವಂತೆ ಅವಳಿಗೆ ಹೇಳಿದೆ.

ಅವಳು ನೋಡಿದಳು, ಮತ್ತೆ ಫೋನ್ ಮಾಡಿದಳು. "ಚಿಕ್ಕಮ್ಮ, ನನ್ನ ಪಾಲು 1,320 ಬಂದಿದೆ. ಕಂಪನಿಯವರು 404 ಮಾತ್ರ ಕಟ್ಟಿದ್ದಾರೆ!"

ಈ ಪ್ರಶ್ನೆಯನ್ನು ನನಗೆ ಕೇಳದವರೇ ಕಡಿಮೆ. ಪಾಸ್‌ಬುಕ್‌ನಲ್ಲಿ ಪಕ್ಕಕ್ಕೆ ಇನ್ನೊಂದು ಅಂಕಣವಿದೆ, ಪಿಂಚಣಿಯದು. ಅಲ್ಲಿ 916 ಇತ್ತು. ಕಂಪನಿ ಕಟ್ಟುವ ಶೇ 12ರಲ್ಲಿ ಶೇ 8.33 ನೌಕರರ ಪಿಂಚಣಿ ಯೋಜನೆಗೆ ಹೋಗುತ್ತದೆ, ಉಳಿದ ಶೇ 3.67 ಮಾತ್ರ ಪಿಎಫ್ ಖಾತೆಗೆ. 404 ಮತ್ತು 916 ಕೂಡಿದರೆ ಅದೇ 1,320. ಕಂಪನಿ ತನ್ನ ಪಾಲನ್ನು ಪೂರ್ತಿ ಕಟ್ಟಿದೆ. ಆದರೆ ಎರಡು ಡಬ್ಬಿಗಳ ಗುಣ ಬೇರೆ. ಪಿಎಫ್ ಖಾತೆಯ ಹಣಕ್ಕೆ ಬಡ್ಡಿ ಸೇರುತ್ತದೆ. 2024–25ಕ್ಕೆ ಅದು ಶೇ 8.25 ಇತ್ತು. ಪಿಂಚಣಿ ಅಂಕಣದ ಹಣಕ್ಕೆ ಹಾಗೆ ಬಡ್ಡಿ ಸೇರುವುದಿಲ್ಲ. ಹತ್ತು ವರ್ಷ ಸೇವೆ ಆದರೆ ಮುಂದೆ ಪಿಂಚಣಿಯ ಹಕ್ಕು ಬರುತ್ತದೆ.

ಇಲ್ಲಿ ಒಂದು ಮಾತು. ನಿಮ್ಮದು ಮೊದಲ ಕೆಲಸವಾಗಿದ್ದು ಸೇರುವಾಗಲೇ ಮೂಲ ವೇತನ 15,000 ಮೀರಿದ್ದರೆ, 2014ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ನಿಯಮದಂತೆ ನೀವು ಪಿಂಚಣಿ ಯೋಜನೆಗೆ ಸೇರುವುದಿಲ್ಲ. ಆಗ ಪಿಂಚಣಿ ಅಂಕಣದಲ್ಲಿ ಸೊನ್ನೆ ಇರುವುದೇ ಸರಿ, ಕಂಪನಿಯ ಪಾಲೆಲ್ಲ ಪಿಎಫ್ ಖಾತೆಗೇ ಬರಬೇಕು. ಅಲ್ಲಿ ಮೊತ್ತ ಕಂಡರೆ ಈಗಲೇ ಸರಿಪಡಿಸಿಕೊಳ್ಳಿ. ವರ್ಷಗಳ ನಂತರ ಹಣ ತೆಗೆಯುವಾಗ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗೆಯೇ ಪಾಸ್‌ಬುಕ್‌ನಲ್ಲಿರುವ ಹೆಸರು ಮತ್ತು ಹುಟ್ಟಿದ ದಿನಾಂಕ ಆಧಾರ್‌ನಲ್ಲಿರುವಂತೆಯೇ ಇವೆಯೇ ನೋಡಿ. ಒಂದು ಇನಿಷಿಯಲ್ ಹೆಚ್ಚುಕಡಿಮೆಯಾಗಿ ಹಣ ತೆಗೆಯಲು ತಿಂಗಳುಗಟ್ಟಲೆ ಅಲೆದವರನ್ನು ನಾನು ಬಲ್ಲೆ.

ಎರಡು ತಿಂಗಳಾದರೂ ಪಾಸ್‌ಬುಕ್‌ನಲ್ಲಿ ಹಣ ಕಾಣದಿದ್ದರೆ ಚೀಟಿಯನ್ನು ಲಗತ್ತಿಸಿ ಕಂಪನಿಗೆ ಇಮೇಲ್ ಬರೆಯಿರಿ. ಉತ್ತರ ಬಾರದಿದ್ದರೆ ಇಪಿಎಫ್‌ಒದ ದೂರು ಪೋರ್ಟಲ್‌ನಲ್ಲಿ ಅದೇ ಚೀಟಿಯನ್ನು ಸಾಕ್ಷಿಯಾಗಿ ಕೊಡಿ. ಅದಕ್ಕಾಗಿಯೇ ಪ್ರತಿ ತಿಂಗಳ ಚೀಟಿಯ ಮೂಲ ಪಿಡಿಎಫ್ ಅನ್ನು ನಿಮ್ಮ ಸ್ವಂತ ಇಮೇಲ್‌ಗೆ ಕಳುಹಿಸಿಟ್ಟುಕೊಳ್ಳಿ. ಕೆಲಸ ಬಿಟ್ಟ ದಿನವೇ ಕಚೇರಿಯ ಇಮೇಲ್ ಮುಚ್ಚಿಹೋಗುತ್ತದೆ.

ಅಕ್ಕನ ಮಗಳಿಗೆ ಜುಲೈ ಚೀಟಿ ಹೇಗಿರುತ್ತದೆ ಎಂದು ಮೊದಲೇ ಬರೆದುಕೊಟ್ಟಿದ್ದೇನೆ. ಪೂರ್ಣ ತಿಂಗಳಾದ್ದರಿಂದ ಗಳಿಕೆ 30,000. ಪಿಎಫ್ 1,800. ಹೊಸದಾಗಿ ವೃತ್ತಿ ತೆರಿಗೆ 200, ಫೆಬ್ರವರಿಯಲ್ಲಿ ಮಾತ್ರ 300. ಕೈಗೆ 28,000. ಆಗಸ್ಟ್ 15 ಕಳೆದ ಮೇಲೆ ಪಾಸ್‌ಬುಕ್‌ನಲ್ಲಿ ಅವಳು ಹುಡುಕಬೇಕಾದದ್ದು ಮೂರು ಮೊತ್ತ: ಅವಳ ಪಾಲು 1,800, ಕಂಪನಿಯ ಪಾಲು 550, ಪಿಂಚಣಿಗೆ 1,250.