ಪಲ್ಯ ಬಸಿದ ನೀರು ಎಲ್ಲಿಗೆ ಹೋಯ್ತು?

(ತೀರ್ಥಹಳ್ಳಿ ಕಡೆಯ ಒಂದು ಮಹಿಳಾ ಸಂಘದಲ್ಲಿ ಮಾತಾಡಿದ್ದನ್ನ ಹಾಗೇ ಟೈಪ್ ಮಾಡಿ ಹಾಕಿದೀನಿ)

ಎಲ್ರಿಗೂ ನಮಸ್ಕಾರ. ಅಕ್ಕಂದಿರೆ, ಅಮ್ಮಂದಿರೆ, ಮೇಜಿನ ಮೇಲೆ ಎರಡು ಪಾತ್ರೆ ಇಟ್ಟಿದೀನಿ ನೋಡಿ, ಎರಡರಲ್ಲೂ ಒಂದೇ ಎಲೆಕೋಸಿನ ಕಾಲು ಕಾಲು ಕೆಜಿ ಬೇಯ್ಸಿದ್ದು. ಮೊದಲ್ನೇದಕ್ಕೆ ಒಂದು ಲೀಟರ್ ನೀರು ಹಾಕಿ ಮುಚ್ಚಳ ಇಲ್ದೆ ಹದಿನೈದು ನಿಮಿಷ ಕುದಿಸಿ ಬಸಿದಿದೀನಿ, ಬಸಿದ ನೀರು ಈ ಲೋಟದಲ್ಲಿದೆ. ಎರಡ್ನೇದಕ್ಕೆ ಒಗ್ಗರಣೆ ಮಾಡಿ ಮೂರು ಚಮಚ ನೀರು ಚಿಮುಕಿಸಿ, ಮುಚ್ಚಳ ಹಾಕಿ ಏಳು ನಿಮಿಷಕ್ಕೆ ಇಳಿಸಿದೆ, ಅದರಲ್ಲಿ ಬಸಿಯೋಕೆ ನೀರೇ ಉಳಿದಿಲ್ಲ.

ಈ ಲೋಟದ ನೀರನ್ನ ನೀವು ಏನು ಮಾಡ್ತೀರಿ? ಹಿಂದಿನ ಸಾಲಿನ ಅಕ್ಕ ಹೇಳಿದ್ರಲ್ಲ, ಕಲಗಚ್ಚಿನ ಬಕೆಟ್ಟಿಗೆ ಅಂತ. ಅದಕ್ಕೇ ಇವತ್ತು ಬೇರೆ ಏನೂ ಬೇಡ, ಈ ನೀರಿನ ಹಿಂದೆ ಮಾತ್ರ ಹೋಗೋಣ.

ವಿಟಮಿನ್ ಸಿ, ಬಿ ಗುಂಪಿನ ಬಿ1, ಬಿ2, ಫೋಲೇಟ್ ಇವೆಲ್ಲ ನೀರಲ್ಲಿ ಕರಗೋವು. ಎಣ್ಣೆಲಿ ಕರಗೋ ವಿಟಮಿನ್ ಎ ತರ ಸೊಪ್ಪಲ್ಲೇ ಅಂಟ್ಕೊಂಡು ಕೂರೋದಿಲ್ಲ. ತರಕಾರಿ ಬೆಂದು ಮೆತ್ತಗಾದ ತಕ್ಷಣ ಒಳಗಿನ ರಸ ಹೊರಗೆ ಬರತ್ತೆ, ರಸದ ಜೊತೆ ಇವೂ ಬರ್ತವೆ, ನೀರು ಜಾಸ್ತಿ ಇದ್ದಷ್ಟೂ ಜಾಸ್ತಿ ಬರ್ತವೆ. ಬಿಸಿಗೆ ಸುಟ್ಟು ಹೋಯ್ತು ಅಂತ ನಾವು ಅಂದ್ಕೊಳ್ಳೋದ್ರಲ್ಲಿ ಎಷ್ಟೋ ಪಾಲು ಸುಟ್ಟಿರೋದೇ ಇಲ್ಲ, ನೀರಿಗೆ ಇಳಿದಿರತ್ತೆ ಅಷ್ಟೆ.

ನನ್ನ ಮಾತು ನಂಬ್ಬೇಡಿ, ಕಣ್ಣಾರೆ ನೋಡಿ. ಗಾಯಕ್ಕೆ ಹಚ್ಚೋ ಕಂದು ಬಣ್ಣದ ಅಯೋಡಿನ್ ಔಷಧಿ ಇದು, ಒಂದು ಚಮಚಕ್ಕೆ ಹತ್ತು ಚಮಚ ನೀರು ಸೇರಿಸಿ ತೆಳ್ಳಗೆ ಮಾಡಿದೀನಿ. ಬರೀ ನೀರಿಗೆ ಒಂದು ಚಮಚ ಗಂಜಿ ತಿಳಿ ಹಾಕಿ ಇದರದ್ದೊಂದು ಹನಿ ಬಿಟ್ರೆ... ನೀಲಿ. ಈಗ ಅಷ್ಟೇ ಗಂಜಿ ತಿಳಿನ ಎಲೆಕೋಸಿನ ನೀರಿಗೆ ಹಾಕಿ ಒಂದು ಹನಿ ಬಿಡ್ತೀನಿ, ನೀಲಿ ಬಂತು, ಕದಡಿದ್ರೆ ಹೋಯ್ತು. ಇನ್ನೊಂದು ಹನಿ, ಮತ್ತೆ ಹೋಯ್ತು. ನೀರಲ್ಲಿರೋ ವಿಟಮಿನ್ ಸಿ ಅಯೋಡಿನ್ನನ್ನ ಬಣ್ಣ ಇಲ್ದಂಗೆ ಮಾಡ್ತಿದೆ. ಅದು ಖರ್ಚಾಗಿ ಮುಗಿದ ಮೇಲೇ ನೀಲಿ ನಿಲ್ಲೋದು, ಹಾಗಾಗಿ ಎಷ್ಟು ಹನಿ ಹಿಡೀತು ಅಂತ ಎಣಿಸಿದ್ರೆ ಎಷ್ಟು ಇಳಿದಿತ್ತು ಅನ್ನೋ ಅಂದಾಜು ಸಿಗತ್ತೆ. ಮನೇಲಿ ಮಾಡೋರು ಎರಡು ವಿಷಯ ನೆನಪಿಡಿ. ನೀರು ಪೂರ್ತಿ ಆರಿರ್ಬೇಕು, ಬಿಸಿ ಇದ್ರೆ ಗಂಜಿಯ ನೀಲಿ ತಾನಾಗೇ ಮಾಯ ಆಗತ್ತೆ, ನೀವು ವಿಟಮಿನ್ ಅಂದ್ಕೊಂಡು ಮೋಸ ಹೋಗ್ತೀರಿ. ಕೆಂಪು ಹರಿವೆ ನೀರಲ್ಲಿ ಮಾಡ್ಬೇಡಿ, ಅದರ ಬಣ್ಣದಲ್ಲಿ ಏನೂ ಕಾಣಲ್ಲ. ಚಹಾ ತರ ಒಗರು ಇರೋವೂ ಅಯೋಡಿನ್ನನ್ನ ಸ್ವಲ್ಪ ತಿಂತವೆ, ಹಾಗಾಗಿ ಇದು ಲ್ಯಾಬ್ ಲೆಕ್ಕ ಅಲ್ಲ, ಒಂದೇ ತರಕಾರಿನ ಎರಡು ರೀತಿ ಬೇಯ್ಸಿ ಹೋಲಿಸೋಕೆ ಸಾಕು. ಆಮೇಲೆ ಆ ಲೋಟ ಚೆಲ್ಲಿಬಿಡಿ, ಯಾರೂ ಕುಡೀಬಾರ್ದು, ದನಕ್ಕೂ ಬೇಡ.

ಈಗ ನಮ್ಮ ಬಸ್ಸಾರು. ಹರಿವೆ ಸೊಪ್ಪು, ಕಾಳು ಬೇಯ್ಸಿ, ಬಸಿದು, ಆ ಕಟ್ಟಿಗೆ ಮಸಾಲೆ ರುಬ್ಬಿ ಹಾಕಿ ಸಾರು ಮಾಡ್ತೀವಿ, ಸೊಪ್ಪು ಕಾಳು ಪಲ್ಯ ಆಗತ್ತೆ. ಇಳಿದಿದ್ದು ಸಾರಿನ ಮೂಲಕ ವಾಪಸ್ ತಟ್ಟೆಗೇ ಬರತ್ತೆ, ನನಗೆ ಈ ಅಡುಗೆ ಮೇಲೆ ತುಂಬಾ ಗೌರವ. ಆದ್ರೆ ಇದ್ದದ್ದನ್ನ ಇದ್ದಂಗೆ ಹೇಳ್ಬೇಕಲ್ವಾ, ಕಟ್ಟಿನಲ್ಲಿ ವಿಟಮಿನ್ ಸಿ ಅಷ್ಟೊಂದು ಉಳಿಯಲ್ಲ, ಯಾಕಂದ್ರೆ ಮಸಾಲೆ ಹಾಕಿ ಮತ್ತೆ ಕುದಿಸ್ತೀವಿ, ರಾತ್ರಿಗೆ ಇನ್ನೊಂದು ಸಲ ಬಿಸಿ ಮಾಡ್ತೀವಿ, ಸಿ ಅಂತೂ ಬಿಸಿ ಗಾಳಿ ಎರಡೂ ಸೇರಿದ್ರೆ ತಡ್ಕೊಳ್ಳಲ್ಲ. ಬಸ್ಸಾರಲ್ಲಿ ನಾವು ಉಳಿಸ್ಕೊಳ್ಳೋದು ಮುಖ್ಯವಾಗಿ ಬಿ ಗುಂಪಿನವು. ಸಿ ಬೇಕಂದ್ರೆ ತಂಬುಳಿ ಇದೆ, ಒಂದೆಲಗ ಹಸಿಯಾಗೇ ರುಬ್ಬಿ ಮಜ್ಜಿಗೆ ಹಾಕೋದು, ಬೆಂಕಿನೇ ತೋರ್ಸಲ್ಲ. ಅದರಲ್ಲೂ ಒಂದು ಮಾತಿದೆ. ಎಲೆ ಹೆಚ್ಚಿದಾಗ, ರುಬ್ಬಿದಾಗ ಎಲೆ ಒಳಗಿನದೇ ಒಂದು ಎಂಜೈಮ್ ಹೊರಗೆ ಬಂದು ಗಾಳಿ ಜೊತೆ ಸೇರಿ ಸಿ ನ ಹಾಳು ಮಾಡೋಕೆ ಶುರು ಮಾಡತ್ತೆ. ಹುಳಿ ಇದ್ರೆ ಈ ಕೆಲಸ ನಿಧಾನ ಆಗತ್ತೆ, ಹಾಗಾಗಿ ರುಬ್ಬಿದ ಕೂಡ್ಲೇ ಮಜ್ಜಿಗೆ ಸೇರ್ಸಿ, ಊಟದ ಹೊತ್ತಿಗೇ ಮಾಡಿ. ನೆಲ್ಲಿಕಾಯಿ ಬೇರೆ ಹಣ್ಣುಗಳಿಗಿಂತ ಚೆನ್ನಾಗಿ ತಡ್ಕೊಳ್ಳೋದಕ್ಕೂ ಅದರ ಹುಳಿ, ಒಗರೇ ಕಾರಣ. ಕಲಾಯಿ ಹೋದ ತಾಮ್ರದ ಪಾತ್ರೆಲಿ ಮಾತ್ರ ಹುಳಿ ಅಡುಗೆ ಬೇಡವೇ ಬೇಡ, ತಾಮ್ರ ತಗಲಿದ್ರೆ ಸಿ ಬೇಗ ಹೋಗತ್ತೆ, ಹೊಟ್ಟೆಗೂ ಒಳ್ಳೇದಲ್ಲ.

ಇನ್ನು ಅನ್ನ. ಇಲ್ಲಿ ಕಳ್ಕೊಳ್ಳೋದು ಬಿ1, ಥಯಾಮಿನ್ ಅಂತಾರಲ್ಲ ಅದು. 1890ರ ದಶಕದಲ್ಲಿ ಜಾವಾದಲ್ಲಿ ಕೆಲಸ ಮಾಡ್ತಿದ್ದ ಡಚ್ ಡಾಕ್ಟ್ರು ಕ್ರಿಸ್ಟಿಯಾನ್ ಐಕ್‌ಮನ್, ಪಾಲಿಶ್ ಅಕ್ಕಿ ಅನ್ನ ತಿಂದ ಕೋಳಿಗಳು ಕಾಲು ಸೋತು ಬೀಳ್ತವೆ, ತೌಡು ಇರೋ ಅಕ್ಕಿ ಕೊಟ್ರೆ ಎದ್ದು ನಿಲ್ತವೆ ಅಂತ ಕಂಡ್ಕೊಂಡ್ರು, ಅವರಿಗೆ 1929ರಲ್ಲಿ ನೊಬೆಲ್ ಬಂತು. ಅಂದ್ರೆ ಬಿ1 ಇರೋದು ಮೇಲಿನ ಪದರದಲ್ಲಿ. ಮಿಲ್ಲಲ್ಲಿ ಮುಕ್ಕಾಲು ಹೋಗಿರತ್ತೆ ಅಂತ್ಲೇ ಇಟ್ಕೊಳ್ಳಿ, ಉಳಿದ ಚೂರನ್ನ ನಾವು ನಾಲ್ಕು ಸಲ ಉಜ್ಜಿ ಉಜ್ಜಿ ತೊಳೆದು, ಆಮೇಲೆ ಗಂಜಿ ಬಸಿದು ಚೆಲ್ತೀವಿ. ಕುಚಲಕ್ಕಿ ಉಣ್ಣೋ ಮನೆಯವರು ಇದ್ರಲ್ಲಿ ಗೆದ್ದಿದೀರಿ. ಭತ್ತನ ಸಿಪ್ಪೆ ಸಮೇತ ನೆನೆಸಿ ಬೇಯ್ಸುವಾಗ ಮೇಲಿನ ಪದರದ ಬಿ1 ಅದೇ ನೀರಲ್ಲಿ ಕರಗಿ ಕಾಳಿನ ಒಳಕ್ಕೆ ಇಳಿಯತ್ತೆ, ಆಮೇಲೆ ಗಿರಣಿಗೆ ಹಾಕಿದ್ರೂ, ತೊಳೆದ್ರೂ ಅಷ್ಟು ಸುಲಭಕ್ಕೆ ಹೋಗಲ್ಲ. ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿ ಆದ್ರೆ ಕಲ್ಲು ಕಸ ಆರಿಸಿ, ಉಜ್ಜದೆ ಒಂದೆರಡು ಸಲ ತೊಳೆದು, ಇಂಗೋವಷ್ಟೇ ನೀರಿಟ್ಟು ಕುಕ್ಕರಲ್ಲಿ ಮಾಡಿ. ಕುಕ್ಕರಿನ ಬಿಸಿ ಜಾಸ್ತಿ ಹೌದು, ಆದ್ರೆ ಹೊತ್ತು ಕಮ್ಮಿ, ಬಸಿಯೋ ನೀರಿಲ್ಲ, ಒಟ್ಟು ಲೆಕ್ಕದಲ್ಲಿ ಅದೇ ವಾಸಿ. ಬಸಿದೇ ಉಣ್ಣೋ ರೂಢಿ ಇದ್ರೆ ಆ ಗಂಜಿಗೆ ಉಪ್ಪು ಮಜ್ಜಿಗೆ ಹಾಕಿ ಮಕ್ಕಳಿಗೆ ಕೊಡಿ.

ಈ ಬಿ1 ಗೆ ದೊಡ್ಡ ಶತ್ರು ಅಡುಗೆ ಸೋಡ. ಕಡಲೆಕಾಳು ಬೇಗ ಬೇಯ್ಲಿ, ಸೊಪ್ಪು ಹಸಿರಾಗಿ ಕಾಣ್ಲಿ ಅಂತ ಒಂದು ಚಿಟಿಕೆ ಹಾಕ್ತೀವಿ. ಸೋಡ ಬಿದ್ದ ನೀರು ಕ್ಷಾರ ಆಗತ್ತೆ, ಕ್ಷಾರದಲ್ಲಿ ಕುದಿದ್ರೆ ಬಿ1, ಸಿ ಎರಡೂ ಒಡೆದೇ ಹೋಗ್ತವೆ, ಆಗ ಕಟ್ಟು ಕುಡಿದ್ರೂ ವಾಪಸ್ ಸಿಗಲ್ಲ. ನನ್ನ ಅಡುಗೆಮನೇಲೂ ವರ್ಷಗಟ್ಲೆ ಸೋಡ ಹಾಕಿದೀನಿ, ಮಕ್ಕಳು ಚಿಕ್ಕೋರಿದ್ದಾಗ, ಈಗ ನೆನೆಸ್ಕೊಂಡ್ರೆ ಸಂಕಟ ಆಗತ್ತೆ. ಕಾಳನ್ನ ರಾತ್ರಿ ನೆನೆಹಾಕಿ ಕುಕ್ಕರಿಗಿಟ್ರೆ ಸೋಡ ಬೇಕಾಗೇ ಇಲ್ಲ.

ಇಡೋ ವಿಷಯ ಸಣ್ಣದಾಗಿ ಹೇಳ್ತೀನಿ. ಸಂತೆಯಿಂದ ತಂದ ಸೊಪ್ಪು ಬಾಡಿದಷ್ಟೂ ಸಿ ಇಳಿಯತ್ತೆ. ಅವತ್ತೇ ಬೇಯ್ಸೋಕೆ ಆಗ್ಲಿಲ್ಲ ಅಂದ್ರೆ ಒದ್ದೆ ಬಟ್ಟೆ ಸುತ್ತಿ ಫ್ರಿಜ್ಜಲ್ಲಿ, ಇಲ್ದಿದ್ರೆ ನೆರಳಲ್ಲಿ ತಂಪಾಗಿಡಿ. ತೊಳೆದು ಆಮೇಲೆ ಹೆಚ್ಚಿ, ಹೆಚ್ಚಿ ನೀರಲ್ಲಿ ಮುಳುಗಿಸಿಡಬೇಡಿ. ಹಾಲಿನ ಬಿ2 ಗೆ ಬಿಸಿಗಿಂತ ಬೆಳಕಿನದ್ದೇ ಭಯ, ಪಾರದರ್ಶಕ ಬಾಟ್ಲಿಲಿ ಬಿಸಿಲಿಗೆ ಇಡೋದು ತಪ್ಪಿಸಿ.

ಈಗ ಒಬ್ಬರು ಅಮ್ಮ ಕೇಳಿದ್ರು, ನಮ್ಮೆಜಮಾನ್ರಿಗೆ ಕಿಡ್ನಿ ಕಲ್ಲು, ಡಾಕ್ಟ್ರು ಸೊಪ್ಪು ಬಸಿದು ತಿನ್ನಿ ಅಂದಿದಾರೆ, ನೀವು ಬಸೀಬೇಡಿ ಅಂತೀರಿ ಅಂತ. ಅಮ್ಮಾ, ಅವರ ವಿಷಯದಲ್ಲಿ ಡಾಕ್ಟ್ರು ಹೇಳಿದ್ದೇ ಸರಿ. ಪಾಲಕ್, ಹರಿವೆಲಿ ಆಕ್ಸಲೇಟ್ ಅನ್ನೋದು ಜಾಸ್ತಿ, ಅದರಲ್ಲಿ ಕರಗೋ ಪಾಲು ಇದೇ ನೀರಿಗೆ ಇಳಿಯತ್ತೆ, ಅದನ್ನ ಚೆಲ್ಲಿದ್ರೇ ಅವರಿಗೆ ಒಳ್ಳೇದು. ಅವರ ಪಾಲಿನ ಸೊಪ್ಪು ಬೇರೆ ಪಾತ್ರೆಲಿ ಬೇಯ್ಸಿ ಬಸಿದು ಕೊಡಿ, ಆ ಕಟ್ಟಲ್ಲಿ ಅವರಿಗೆ ಸಾರು ಮಾಡ್ಬೇಡಿ, ಸಿ ಗೆ ಬೇರೆ ಹಣ್ಣು ಏನು ಕೊಡಬಹುದು ಅಂತ ಡಾಕ್ಟ್ರನ್ನೇ ಕೇಳಿ. ಉಳಿದವರಿಗೆ ಮಾಮೂಲಿ ಬಸ್ಸಾರೇ ಇರ್ಲಿ.