ಮೆಕ್ಕೆಜೋಳದ ರಾಶಿ, ಎಲ್‌ಎಂ35 ಮತ್ತು ಕುಣಿಯೋ ರೀಡಿಂಗ್

ನಮಸ್ಕಾರ ರೀ ಎಲ್ರಿಗೂ. ಈಗ ನೀವು ನೋಡ್ತಿರೋದು ನಮ್ಮನೆ ಹಿಂದಿನ ಗೋದಾಮು, ದಾವಣಗೆರೆಯಿಂದ ಹರಿಹರದ ಕಡೆ ಬಂದ್ರೆ ನಮ್ಮೂರು ಸಿಗ್ತೈತೆ. ಒಳಗೆ ಮೆಕ್ಕೆಜೋಳ ರಾಶಿ ಹಾಕೈತೆ. ಸರಿಯಾಗಿ ಒಣಗದಿದ್ರೆ ರಾಶಿ ಹೊಟ್ಟೆಯೊಳಗೆ ಬೂಸ್ಟು ಹಿಡಿದು ಕಾವು ಏರ್ತೈತೆ, ಅಪ್ಪಾಜಿ ಪ್ರತಿ ಸಲ ಮೊಣಕೈವರೆಗೂ ಕೈ ತೂರಿಸಿ ನೋಡೋರು. ಅದಕ್ಕೇ ನಾನು ಒಂದು ಪಿವಿಸಿ ಪೈಪ್ ತುದಿಗೆ ಕಾವು ಅಳೆಯೋ ಎಲ್‌ಎಂ35 ಸೆನ್ಸರ್ ಕೂರಿಸಿ, ರಾಶಿಯೊಳಗೆ ಚುಚ್ಚಿ, ವೈರ್ ತಂದು ಆರ್ಡುಯಿನೊ ಊನೊ ಬೋರ್ಡಿನ A0 ಪಿನ್ನಿಗೆ ಕೊಟ್ಟೆ. ಡಿಗ್ರಿಗೆ 10 ಮಿಲಿವೋಲ್ಟ್ ಕೊಡೋ ಸೆನ್ಸರ್ ಅದು, 30 ಡಿಗ್ರಿ ಇದ್ರೆ 300 ಮಿಲಿವೋಲ್ಟ್, ಲೆಕ್ಕ ಸುಲಭ.

ಆದ್ರೆ ಮೊದಲನೇ ದಿನ ಏನಾಯ್ತು ಅಂದ್ರೆ, ಲ್ಯಾಪ್‌ಟಾಪಿಗೆ ಹಾಕಿದಾಗ 29.8 ಬಂತು, ಕರೆಂಟ್ ಹೋಯ್ತು ಅಂತ ಪವರ್ ಬ್ಯಾಂಕಿಗೆ ಹಾಕಿದೆ ನೋಡ್ರಿ, ಅದೇ ರಾಶಿ ಅದೇ ಜಾಗ, 31.7 ತೋರಿಸ್ತು. ಅಪ್ಪಾಜಿ ಗಾಬರಿಯಾಗಿ "ಲೇ ತಮ್ಮಾ, ಕಾವು ಏರ್ತೈತೇನೋ, ರಾಶಿ ಹರವೋಣೇನು?" ಅಂದ್ರು. ರಾಶಿ ಬಿಸಿಯಾಗಿರ್ಲಿಲ್ಲ. ಮಲ್ಟಿಮೀಟರ್ ಹಚ್ಚಿ ನೋಡಿದ್ರೆ ಬೋರ್ಡಿನ 5 ವೋಲ್ಟ್ ಪಿನ್ನಲ್ಲಿ 4.7 ವೋಲ್ಟ್ ಇತ್ತು, ಕೇಬಲ್ಲೂ ತೆಳ್ಳಗಿತ್ತು, ಉದ್ದಾನೂ ಇತ್ತು.

ಇಲ್ಲಿ ಸ್ವಲ್ಪ ನಿಂತು ನೋಡೋಣ. ಬೋರ್ಡಿನ ಚಿಪ್ಪಿನೊಳಗೆ ವೋಲ್ಟೇಜನ್ನ ನಂಬರ್ ಮಾಡೋ ಎಡಿಸಿ ಐತಲ್ಲ, ಅದು ನೇರವಾಗಿ ವೋಲ್ಟೇಜ್ ಅಳೆಯಲ್ಲ, ರೆಫರೆನ್ಸ್ ವೋಲ್ಟೇಜಿನ 1024 ಭಾಗದಲ್ಲಿ ಎಷ್ಟು ಭಾಗ ಅಂತ ಹೇಳ್ತೈತೆ ಅಷ್ಟೇ. ನಾವು ಏನೂ ಹೇಳದಿದ್ರೆ ಬೋರ್ಡಿನ 5 ವೋಲ್ಟನ್ನೇ ಅಳತೆಗೋಲು ಮಾಡ್ಕೊಳ್ತೈತೆ. ಅಳತೆಗೋಲೇ 4.7ಕ್ಕೆ ಕುಗ್ಗಿತು, 300 ಮಿಲಿವೋಲ್ಟ್ ಅದರಲ್ಲಿ 65 ಭಾಗ ಆಯ್ತು, ನನ್ನ ಕೋಡ್ ಇನ್ನೂ 5 ವೋಲ್ಟ್ ಅಂತಾನೇ ನಂಬ್ಕೊಂಡು ಗುಣಿಸ್ತು, ಅದಕ್ಕೇ 31.7. ಇದನ್ನ ಸಾವಿರ ಸಲ ಆವರೇಜ್ ಮಾಡಿದ್ರೂ 31.7 ಅಂತಾನೇ ಬರೋದು. ಇನ್ನೊಂದು ತೊಂದರೆ, 5 ವೋಲ್ಟನ್ನ 1024 ಭಾಗ ಮಾಡಿದ್ರೆ ಒಂದು ಹೆಜ್ಜೆಗೆ ಹತ್ತತ್ರ 5 ಮಿಲಿವೋಲ್ಟ್, ಅಂದ್ರೆ ಅರ್ಧ ಡಿಗ್ರಿ. ಗೋದಾಮು 110 ಡಿಗ್ರಿಗೆ ಹೋಗಲ್ಲ, ಸೆನ್ಸರ್ 1.1 ವೋಲ್ಟ್ ದಾಟಲ್ಲ, ಮತ್ತೆ 5 ವೋಲ್ಟಿನ ಗೋಲು ಯಾಕೆ ಬೇಕು?

ಊನೊದೊಳಗೇ 1.1 ವೋಲ್ಟಿನ ರೆಫರೆನ್ಸ್ ಐತೆ. setup ಒಳಗೆ ಒಂದೇ ಸಾಲು.

```
analogReference(INTERNAL);
```

ಈಗ ಒಂದು ಹೆಜ್ಜೆ ಅಂದ್ರೆ 1 ಮಿಲಿವೋಲ್ಟ್ ಚಿಲ್ರೆ, ಡಿಗ್ರಿಯ ಹತ್ತನೇ ಒಂದು ಭಾಗ. ಪವರ್ ಬ್ಯಾಂಕ್ ಏನೇ ಕೊಡ್ಲಿ, ಇದು ಹೆಚ್ಚುಕಮ್ಮಿ ಅಲುಗಾಡಲ್ಲ. ಆದ್ರೆ ಒಂದು ಮಾತು, ಆ 1.1 ಅನ್ನೋದು ಹೆಸರಿಗೆ ಮಾತ್ರ, ಒಂದು ಚಿಪ್ಪಲ್ಲಿ 1.0 ಇರಬಹುದು ಇನ್ನೊಂದರಲ್ಲಿ 1.2 ಇರಬಹುದು. ಅದಕ್ಕೇ analogRead ಒಂದ್ಸಲ ಓಡಿಸಿ, AREF ಪಿನ್ನಿಗೂ ಗ್ರೌಂಡಿಗೂ ಮಲ್ಟಿಮೀಟರ್ ಇಟ್ಟು ಅಳೀರಿ. ನಂದು ಇಲ್ಲಿ ಕಾಣ್ತೈತಲ್ಲ, 1.083. ಕೋಡಲ್ಲಿ ನಾನು ಇದನ್ನೇ 1083 ಮಿಲಿವೋಲ್ಟ್ ಅಂತ ಬರ್ದಿದೀನಿ. 1100 ಅಂತ ಬರ್ದಿದ್ರೆ 30 ಡಿಗ್ರಿಗೆ 30.5 ತೋರಿಸೋದು. ರೆಫರೆನ್ಸ್ ಬದಲಿಸಿದ ಮೇಲೆ ಮೊದಲ ನಾಕೈದು ರೀಡಿಂಗ್ ಬಿಸಾಕ್ರಿ, ಆ ಪಿನ್ನಿನ ಕೆಪಾಸಿಟರ್ 5 ವೋಲ್ಟಿಂದ ಇಳಿಯೋಕೆ ಟೈಮ್ ಬೇಕು. ಮತ್ತೆ INTERNAL ಹಾಕಿರುವಾಗ AREF ಪಿನ್ನಿಗೆ ಹೊರಗಿಂದ 5 ವೋಲ್ಟ್ ವೈರ್ ಸಿಗಿಸಲೇಬೇಡ್ರಿ, ಒಳಗೆ ಶಾರ್ಟ್ ಆಗಿ ಚಿಪ್ಪೇ ಹೋಗಬಹುದು.

ಇಷ್ಟಾದ ಮೇಲೂ ಎಡಿಸಿ ಕೊಡೋ ನಂಬರ್ ಕುಣೀತಿತ್ತು, 277, 281, 286, 283 ಹಿಂಗೆ. ಸೆನ್ಸರ್ ವೈರ್ ಗೋಡೆ ಮೇಲಿನ ಮೇನ್ ಲೈನ್ ಪಕ್ಕದಲ್ಲೇ ಐದು ಮೀಟರ್ ಹೋಗೈತೆ, 50 ಹರ್ಟ್ಜ್ ಗುಂಯ್‌ಗುಡೋದು ಅದಕ್ಕೆ ತಗುಲ್ತೈತೆ. 16 ರೀಡಿಂಗ್ ತಗೊಂಡು ಆವರೇಜ್ ಮಾಡಿದ್ರೆ ಸಾಕು ಅಂತ ನಾನೂ ಮಾಡಿದೆ. ಅರ್ಧಂಬರ್ಧ ಕಮ್ಮಿ ಆಯ್ತು ಅಷ್ಟೇ. ಯಾಕೆ ಅಂತ ಎರಡು ದಿನ ತಲೆ ಕೆಡಿಸ್ಕೊಂಡೆ, ಆಮೇಲೆ ಲೆಕ್ಕ ಹಾಕಿದೆ ನೋಡ್ರಿ, ಒಂದು analogRead ಗೆ 112 ಮೈಕ್ರೋಸೆಕೆಂಡ್, 16ಕ್ಕೆ 2 ಮಿಲಿಸೆಕೆಂಡೂ ಆಗಲ್ಲ, ಆದ್ರೆ ಕರೆಂಟಿನ ಒಂದು ಅಲೆ ಮುಗಿಯೋಕೆ 20 ಮಿಲಿಸೆಕೆಂಡ್ ಬೇಕು. ಅಂದ್ರೆ ಹದಿನಾರೂ ರೀಡಿಂಗ್ ಅಲೆಯ ಒಂದೇ ಮೂಲೆಯಲ್ಲಿ ಗುಂಪು ಕಟ್ಕೊಂಡು ಕೂತಿದ್ವು, ಒಂದ್ಸಲ ಎಲ್ಲಾ ಮೇಲೆ ಇನ್ನೊಂದ್ಸಲ ಎಲ್ಲಾ ಕೆಳಗೆ. ಅವನ್ನ 1250 ಮೈಕ್ರೋಸೆಕೆಂಡಿಗೆ ಒಂದರಂತೆ ಇಡೀ ಅಲೆ ಮೇಲೆ ಹರಡಿದ್ರೆ ಮೇಲಿಂದು ಕೆಳಗಿಂದು ಒಂದಕ್ಕೊಂದು ಕಳೆದು ಹೋಗ್ತಾವೆ.

```
unsigned int sum = 0;
unsigned long t = micros();
for (byte i = 0; i < 16; i++) {
  while (micros() - t < 1250UL * i) ;
  sum += analogRead(A0);
}
float mV = sum * 1083.0 / 16384.0;
float degC = mV / 10.0;
```

16384 ಅಂದ್ರೆ 16 ಸಲ 1024. ಮೊದಲೇ ಇಂಟೀಜರಲ್ಲಿ 16ರಿಂದ ಭಾಗಿಸಿದ್ರೆ ಉಳಿಕೆ ಚಿಲ್ರೆ ಹಾರಿ ಹೋಗ್ತೈತೆ, ಹಿಂಗೆ ಜಾಸ್ತಿ ರೀಡಿಂಗ್ ತಗೊಂಡು ಕೂಡಿಸೋ ಓವರ್‌ಸ್ಯಾಂಪ್ಲಿಂಗಲ್ಲಿ ನಮಗೆ ಸಿಗೋ ಲಾಭಾನೇ ಆ ಚಿಲ್ರೆ. ಒಂದು ಬಿಟ್ ಜಾಸ್ತಿ ಬೇಕು ಅಂದ್ರೆ ನಾಕು ಪಟ್ಟು ರೀಡಿಂಗ್ ಬೇಕು, 16 ರೀಡಿಂಗಿಗೆ ಎರಡು ಬಿಟ್, 10 ಬಿಟ್ ಹೋಗಿ 12 ಬಿಟ್ ಆದಂಗೆ. ಆದ್ರೆ ಸಿಗ್ನಲಲ್ಲಿ ಕನಿಷ್ಠ ಒಂದು ಹೆಜ್ಜೆಯಷ್ಟಾದ್ರೂ ಅಲುಗಾಟ ಇರಬೇಕು. ಹದಿನಾರೂ ಸಲ 284, 284, 284 ಅಂತಾನೇ ಬಂದ್ರೆ ಆವರೇಜೂ 284, ಹೊಸದೇನೂ ಸಿಗಲ್ಲ. ಅದಕ್ಕೇ ಕೋಡ್ ಬರೆಯೋಕೆ ಮುಂಚೆ ಹದಿನಾರು ಹಸಿ ನಂಬರ್ ಸೀರಿಯಲ್ ಮಾನಿಟರಲ್ಲಿ ಪ್ರಿಂಟ್ ಮಾಡಿ ಕಣ್ಣಾರೆ ನೋಡ್ರಿ. ಮತ್ತೆ ಸ್ಕ್ರೀನಲ್ಲಿ 30.03 ಅಂತ ಬಂತು ಅಂದ್ರೆ ರಾಶಿ ನಿಜವಾಗ್ಲೂ 30.03 ಇದೆ ಅಂತಲ್ಲ, ಸೆನ್ಸರ್ರೇ ಅರ್ಧ ಡಿಗ್ರಿ ಒಂದು ಡಿಗ್ರಿ ಆಚೀಚೆ ಇರ್ತೈತೆ. ನನಗೆ ಬೇಕಿರೋದು ನಿನ್ನೆಗಿಂತ ಇವತ್ತು ಎಷ್ಟು ಏರೈತೆ ಅನ್ನೋದು, ಅದಕ್ಕೆ ಈ ಸಣ್ಣ ಹೆಜ್ಜೆ ಬಹಳ ಉಪಯೋಗ.

ಇನ್ನೊಂದು ಉಳಿದಿತ್ತು. ಎಕ್ಸಾಸ್ಟ್ ಫ್ಯಾನಿನ ರಿಲೇ ಟಕ್ ಅಂತ ಆನ್ ಆದ ತಕ್ಷಣ ರೀಡಿಂಗ್ 1.7 ಡಿಗ್ರಿ ಜಿಗಿದು, ಆಫ್ ಆಗೋವರೆಗೂ ಅಲ್ಲೇ ಗಟ್ಟಿಯಾಗಿ ನಿಲ್ಲೋದು. ನಾಯ್ಸ್ ಆಗಿದ್ರೆ ಕುಣೀತಿತ್ತು, ಇದು ನಿಂತಿತ್ತು, ಅದೇ ಸುಳಿವು. ಬ್ರೆಡ್‌ಬೋರ್ಡಲ್ಲಿ ಸೆನ್ಸರ್ ಗ್ರೌಂಡೂ ರಿಲೇ ಗ್ರೌಂಡೂ ಒಂದೇ ಜಂಪರ್ ವೈರಲ್ಲಿ ವಾಪಸ್ ಬರ್ತಿದ್ವು. ರಿಲೇ ಕಾಯಿಲ್ 70 ಮಿಲಿಆಂಪ್ ಎಳೀತೈತೆ, ಸಡಿಲ ಜಂಪರಲ್ಲಿ ಕಾಲು ಓಮ್ ಇದ್ರೂ ಸಾಕು, 17 ಮಿಲಿವೋಲ್ಟ್ ಸೆನ್ಸರಿನ ಕಾಲಡಿಯಿಂದ ಎತ್ತಿದಂಗೆ. 17 ಮಿಲಿವೋಲ್ಟ್ ಅಂದ್ರೆ 1.7 ಡಿಗ್ರಿ. ಇದಕ್ಕೆ ಕೋಡಲ್ಲಿ ಮದ್ದಿಲ್ಲ. ಸೆನ್ಸರ್ ಗ್ರೌಂಡಿಗೆ ಬೇರೇನೇ ವೈರ್ ಎಳೆದು ನೇರವಾಗಿ ಬೋರ್ಡಿನ GND ಪಿನ್ನಿಗೆ ಹಾಕಿದೆ, ರಿಲೇದು ಇನ್ನೊಂದು GND ಪಿನ್ನಿಗೆ. ಹಂಗೇ ಸೆನ್ಸರ್ ಔಟ್‌ಪುಟ್ ಹತ್ರಾನೇ 2 ಕಿಲೋಓಮ್ ರೆಸಿಸ್ಟರ್ ಸೀರೀಸಲ್ಲಿ, A0 ಪಿನ್ನಿಂದ ಗ್ರೌಂಡಿಗೆ 100 ನ್ಯಾನೋಫ್ಯಾರಡ್ ಕೆಪಾಸಿಟರ್. ಉದ್ದ ಕೇಬಲ್ ನೇರವಾಗಿ ಸಿಗಿಸಿದ್ರೆ ಎಲ್‌ಎಂ35 ತಾನೇ ಆಸಿಲೇಟ್ ಆಗೋ ಸಾಧ್ಯತೆ ಇರ್ತೈತೆ, ರಿಲೇ ಸ್ಪಾರ್ಕಿನ ಚುಚ್ಚಾಟಾನೂ ಇದರಲ್ಲೇ ತಡೀತೈತೆ.

ಈಗ ಫ್ಯಾನ್ ಆನ್ ಮಾಡ್ತೀನಿ, ಸ್ಕ್ರೀನ್ ನೋಡ್ತಾ ಇರ್ರಿ. 30.1, ಟಕ್ ಅಂತು ನೋಡ್ರಿ, 30.1, 30.1. ಪವರ್ ಬ್ಯಾಂಕಿಗೆ ಬದಲಿಸ್ತೀನಿ, ಇಲ್ಲೂ 30.1. ಅಪ್ಪಾಜಿ ಅಲ್ಲಿ ಹಿಂದೆ ಇನ್ನೂ ರಾಶಿಯೊಳಗೆ ಕೈ ಹಾಕಿ ನೋಡ್ತಾ ಅವ್ರೆ, "ನಿನ್ನೆಗಿಂತ ತಣ್ಣಗೈತೆ" ಅಂತಾರೆ. ನಿನ್ನೆ ರಾತ್ರಿ ಇದೇ ಟೈಮಿಗೆ 30.6 ಇತ್ತು.