25 ಮೀಟರ್ ದೂರದ ನಂಬರ್ ಪ್ಲೇಟ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಡ್ರೈವಿಂಗ್ ಲೈಸೆನ್ಸ್ ಇರುವವರೆಲ್ಲರೂ ಕಣ್ಣಿನ ಬಗ್ಗೆ ಒಂದು ಪ್ರಶ್ನೆಗೆ ಆಗಲೇ ಉತ್ತರ ಕೊಟ್ಟಿದ್ದೀರಿ. ಬಹಳಷ್ಟು ಜನಕ್ಕೆ ಅದು ನೆನಪಿರುವುದಿಲ್ಲ, ಏಕೆಂದರೆ ಫಾರಂ ತುಂಬಿದವರು ಏಜೆಂಟರು, ನೀವು ಸಹಿ ಮಾತ್ರ ಹಾಕಿದ್ದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಫಾರಂ 1 ಅಂತ ಒಂದಿದೆ. ಅರ್ಜಿದಾರರೇ ತಮ್ಮ ಆರೋಗ್ಯದ ಬಗ್ಗೆ ಬರೆದುಕೊಡುವ ಘೋಷಣೆ ಅದು. ಈಗ ಸಾರಥಿ ಪೋರ್ಟಲ್‌ನಲ್ಲಿ ಹೌದು, ಇಲ್ಲ ಎಂದು ಒತ್ತಿಕೊಂಡು ಹೋಗುತ್ತೇವೆ. ಅದರಲ್ಲಿ ಕೇಳುತ್ತಾರೆ: ಒಳ್ಳೆಯ ಹಗಲು ಬೆಳಕಿನಲ್ಲಿ, 25 ಮೀಟರ್ ದೂರದಿಂದ, ಕನ್ನಡಕ ಹಾಕುವವರಾದರೆ ಹಾಕಿಕೊಂಡೇ, ಕಾರಿನ ನಂಬರ್ ಪ್ಲೇಟನ್ನು ಒಂದೊಂದು ಕಣ್ಣಿನಿಂದಲೂ ಗುರುತಿಸಬಲ್ಲಿರಾ?

ಇವತ್ತು ನಾನು ಮಾತಾಡುವುದು ಈ ಒಂದೇ ಪ್ರಶ್ನೆಯ ಮೇಲೆ. ಅದರ ಒಂದೊಂದು ಮಾತಿಗೂ ತೂಕ ಇದೆ.

ಮೊದಲು ಆ 25 ಮೀಟರ್. ಇದು ಬ್ರೇಕ್ ಹಾಕಿ ನಿಲ್ಲಿಸುವ ದೂರ ಅಂತ ಕೆಲವರು ತಿಳಿದಿದ್ದಾರೆ. ಅಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ 25 ಮೀಟರನ್ನು ಒಂದೂವರೆ ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಅಷ್ಟರಲ್ಲಿ ಕಾಲು ಬ್ರೇಕಿನ ಮೇಲೆ ಬಂದಿದ್ದರೆ ಪುಣ್ಯ. ಇಲ್ಲಿ 25 ಮೀಟರ್ ಎನ್ನುವುದು ಕಣ್ಣಿನ ಹರಿತವನ್ನು ಅಳೆಯುವ ಅಳತೆ ಅಷ್ಟೇ. ಕಣ್ಣಿನ ಆಸ್ಪತ್ರೆಯಲ್ಲಿ ಗೋಡೆಗೆ ಹಾಕಿರುವ ಅಕ್ಷರದ ಬೋರ್ಡ್ ಮಾಡುವ ಕೆಲಸವನ್ನು ಬೀದಿಯಲ್ಲಿ ನಂಬರ್ ಪ್ಲೇಟು ಮಾಡುತ್ತದೆ.

ಎಷ್ಟು ಹರಿತ ಬೇಕು? ಲೆಕ್ಕ ಹಾಕಿ ನೋಡೋಣ, ಕಷ್ಟವಿಲ್ಲ. ನಮ್ಮ ನಿಯಮದ ಪ್ರಕಾರ ಕಾರಿನ ಪ್ಲೇಟಿನ ಅಕ್ಷರದ ಎತ್ತರ 65 ಮಿಲಿಮೀಟರ್. ಅದನ್ನು 25 ಮೀಟರ್ ದೂರ ಇಟ್ಟರೆ ಕಣ್ಣಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೋ, 6 ಮೀಟರ್ ದೂರದ ಬೋರ್ಡಿನಲ್ಲಿ ಸುಮಾರು ಹದಿನೈದೂವರೆ ಮಿಲಿಮೀಟರ್ ಎತ್ತರದ ಅಕ್ಷರವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಆ ಬೋರ್ಡಿನಲ್ಲಿ 6/12 ಎಂಬ ಸಾಲಿನ ಅಕ್ಷರ ಹದಿನೇಳೂವರೆ ಮಿಲಿಮೀಟರ್, 6/9ರದ್ದು ಹದಿಮೂರು. ಅಂದರೆ ನಮ್ಮ ಪ್ಲೇಟು ಇವೆರಡರ ನಡುವೆ ಬಂದು ಕೂರುತ್ತದೆ. 6/12 ಅಂದರೆ, ಸರಿಯಾದ ಕಣ್ಣು 12 ಮೀಟರಿನಿಂದ ಓದುವ ಸಾಲನ್ನು ನೀವು 6 ಮೀಟರಿನವರೆಗೆ ಹತ್ತಿರ ಬಂದು ಓದುತ್ತೀರಿ ಎಂದು.

ಇದನ್ನು ಬ್ರಿಟನ್ನಿನ ನಿಯಮದ ಪಕ್ಕ ಇಟ್ಟರೆ ತಮಾಷೆಯಾಗಿದೆ. ಅಲ್ಲಿ ದೂರ 20 ಮೀಟರ್, ಅಕ್ಷರದ ಎತ್ತರ 79 ಮಿಲಿಮೀಟರ್. ಹತ್ತಿರವೂ ಹೌದು, ದೊಡ್ಡದೂ ಹೌದು. ಅದೇ ಲೆಕ್ಕದಲ್ಲಿ 6 ಮೀಟರಿಗೆ ಅದು ಸುಮಾರು 24 ಮಿಲಿಮೀಟರ್ ಆಗುತ್ತದೆ, ನಮ್ಮದರ ಒಂದೂವರೆ ಪಟ್ಟು. ಕಾಗದದ ಮೇಲೆ ನಮ್ಮ ನಿಯಮವೇ ಬಿಗಿ! ಆದರೆ ಅವರು ನಿಜವಾಗಿ ಓದಿಸುತ್ತಾರೆ. ಲೈಸೆನ್ಸ್ ಪರೀಕ್ಷೆಯ ದಿನ ಕಾರು ಹೊರಡುವ ಮುಂಚೆ, ನಿಂತಿರುವ ಒಂದು ಗಾಡಿಯ ನಂಬರನ್ನು ಪರೀಕ್ಷಕರು ಓದಲು ಹೇಳುತ್ತಾರೆ. ಆಗದಿದ್ದರೆ ಇನ್ನೊಂದು ಪ್ಲೇಟು. ಅದೂ ಆಗದಿದ್ದರೆ ದೂರವನ್ನು ಅಳೆದು ಮೂರನೆಯದು. ಅದನ್ನೂ ಓದದಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು, ಕಾರು ಹೊರಡುವುದೇ ಇಲ್ಲ. ಜೊತೆಗೆ ಅಲ್ಲಿ ಎರಡೂ ಕಣ್ಣು ತೆರೆದಾಗಿನ ನೋಟ 6/12 ಇರಲೇಬೇಕು ಎಂಬ ನಿಯಮವೂ ಇದೆ. ಕನ್ನಡಕ ಹಾಕಿಕೊಂಡು ಓದಿದರೆ ಲೈಸೆನ್ಸಿನ ಮೇಲೆ 01 ಎಂಬ ಸಂಕೇತ ಬೀಳುತ್ತದೆ. ಆಮೇಲೆ ಕನ್ನಡಕವಿಲ್ಲದೆ ಸ್ಟೀರಿಂಗ್ ಹಿಡಿದರೆ ಅದು ಅಪರಾಧ. ನಮ್ಮ ಹುಡುಗರು ಅಲ್ಲಿ ಕೆಲಸಕ್ಕೆ ಹೋದರೆ ಇಲ್ಲಿಯ ಲೈಸೆನ್ಸ್ 12 ತಿಂಗಳು ಮಾತ್ರ ನಡೆಯುತ್ತದೆ. ಅದು ಮುಗಿದ ಮೇಲೆ ಅವರೂ ಆ ಪ್ಲೇಟಿನ ಮುಂದೆ ನಿಲ್ಲಬೇಕು. ಮಕ್ಕಳು ಹೊರದೇಶಕ್ಕೆ ಹೊರಟಿದ್ದರೆ ಕಣ್ಣು ಇಲ್ಲೇ ತೋರಿಸಿ ಕಳಿಸಿ.

ಈಗ ಪ್ರಶ್ನೆಯ ಎರಡನೆಯ ಭಾಗ: ಒಂದೊಂದು ಕಣ್ಣಿನಿಂದಲೂ. ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ನಲವತ್ನಾಲ್ಕು ವಯಸ್ಸಿನ, ಗೂಡ್ಸ್ ಗಾಡಿ ಓಡಿಸುವ ಒಬ್ಬರನ್ನು ತೆಗೆದುಕೊಳ್ಳಿ. "ನನಗೇನೂ ತೊಂದ್ರೆ ಇಲ್ಲ ಮೇಡಂ, ಪೇಪರ್ ಓದೋಕೆ ಮಾತ್ರ ಚಾಳೀಸು ಬೇಕು" ಎನ್ನುತ್ತಾರೆ. ಎರಡೂ ಕಣ್ಣು ಬಿಟ್ಟು ಬೋರ್ಡ್ ನೋಡಿದರೆ 6/6, ಕೊನೆಯ ಸಾಲಿನವರೆಗೆ ಸರಾಗ. ಬಲಗಣ್ಣು ಮುಚ್ಚಿಸಿದ ಕೂಡಲೇ ಮಾತು ನಿಲ್ಲುತ್ತದೆ. ಎಡಗಣ್ಣಿನ ನೋಟ 6/24. ಇಷ್ಟು ವರ್ಷ ಬಲಗಣ್ಣು ಒಂದೇ ಗಾಡಿ ಓಡಿಸಿದೆ, ಅವರಿಗೆ ಗೊತ್ತೇ ಆಗಿಲ್ಲ. ಎರಡು ಕಣ್ಣಿನ ಚಿತ್ರವನ್ನು ಮೆದುಳು ಸೇರಿಸುವಾಗ ಸ್ಪಷ್ಟವಾಗಿರುವುದನ್ನು ಆರಿಸಿಕೊಳ್ಳುತ್ತದೆ, ಮಸುಕಾದುದನ್ನು ಬದಿಗೆ ಸರಿಸುತ್ತದೆ. ಅದಕ್ಕೇ ಯಾರೂ ದೂರು ಹೇಳಿಕೊಂಡು ಬರುವುದಿಲ್ಲ.

ಮುಂದೆ ಏನು ಮಾಡುತ್ತೇವೆ? ಒಂದು ರಟ್ಟಿಗೆ ಗುಂಡುಸೂಜಿಯಿಂದ ಸಣ್ಣ ತೂತು ಮಾಡಿ, ಎಡಗಣ್ಣಿನಿಂದ ಅದರ ಮೂಲಕ ಬೋರ್ಡ್ ನೋಡಿಸುತ್ತೇವೆ. ಸಣ್ಣ ತೂತಿನಿಂದ ಬರುವ ಬೆಳಕಿಗೆ ಕಣ್ಣಿನ ಪವರಿನ ದೋಷ ಅಷ್ಟಾಗಿ ತಾಗುವುದಿಲ್ಲ. ತೂತಿನಲ್ಲಿ ನೋಡಿದಾಗ ಸಾಲುಗಳು ಸ್ಪಷ್ಟವಾದರೆ ದೋಷ ಪವರಿನದು, ಕನ್ನಡಕದಿಂದ ಸರಿಹೋಗುತ್ತದೆ. ಸ್ಪಷ್ಟವಾಗದಿದ್ದರೆ ಪೊರೆಯೋ, ಅಕ್ಷಿಪಟಲದ ತೊಂದರೆಯೋ, ಚಿಕ್ಕಂದಿನಿಂದ ಉಳಿದ ಸೋಮಾರಿ ಕಣ್ಣೋ ಇರಬಹುದು. ಕನ್ನಡಕದ ಅಂಗಡಿಗೆ ಹೋಗಿ ಪ್ರಯೋಜನವಿಲ್ಲ, ವೈದ್ಯರೇ ನೋಡಬೇಕು. ನಮ್ಮ ಗೂಡ್ಸ್ ಗಾಡಿಯವರಿಗೆ ತೂತಿನಲ್ಲಿ 6/9 ಸಿಕ್ಕಿತು ಅಂದುಕೊಳ್ಳಿ. ಪವರ್ ನೋಡಿದರೆ ಮೈನಸ್ ಒಂದೂಕಾಲು. ಅಲ್ಲಿಗೆ ತೀರ್ಮಾನ ಆಯಿತು: ಕನ್ನಡಕವಿಲ್ಲದೆ ಎಡಗಣ್ಣು ಫಾರಂನ ಪ್ರಶ್ನೆಗೆ ಇಲ್ಲ ಎನ್ನುತ್ತದೆ, ಕನ್ನಡಕದೊಂದಿಗೆ ಹೌದು ಎನ್ನುತ್ತದೆ. ಹಾಗಾದರೆ ಗಾಡಿ ಓಡಿಸುವಾಗ ಅವರಿಗೆ ಕನ್ನಡಕ ಕಡ್ಡಾಯ.

ಕಡ್ಡಾಯ ಅನ್ನುವುದಕ್ಕೆ ನಾನು ಹಾಕುವ ಗೆರೆ ಇದು. ಪವರ್ ಎಷ್ಟು ಎನ್ನುವುದು ಗೆರೆಯಲ್ಲ. ಕಾಲು ಪವರ್ ಇರುವವರು ಬರಿಗಣ್ಣಿನಲ್ಲೇ ಪ್ಲೇಟು ಓದಬಹುದು, ಅವರಿಗೆ ಕನ್ನಡಕ ಅನುಕೂಲ. ಕನ್ನಡಕ ಇದ್ದರೆ ಮಾತ್ರ ಓದಬಲ್ಲವರು ಅದರ ಆಧಾರದ ಮೇಲೆಯೇ ಘೋಷಣೆ ಕೊಟ್ಟಿದ್ದಾರೆ. ಮನೆಯಿಂದ ಅಂಗಡಿಯವರೆಗಿನ ಓಡಾಟಕ್ಕೂ ಅದು ಅನ್ವಯ. ಕಾಂಟ್ಯಾಕ್ಟ್ ಲೆನ್ಸ್ ಆದರೂ ಅಷ್ಟೇ. ಮೋಟಾರು ವಾಹನ ಕಾಯ್ದೆಯ 186ನೇ ಸೆಕ್ಷನ್ ಏನು ಹೇಳುತ್ತದೆ ಅಂದರೆ, ಬೇರೆಯವರಿಗೆ ಅಪಾಯ ತರುವಂಥ ಕಾಯಿಲೆ ಅಥವಾ ನ್ಯೂನತೆ ತನಗಿದೆ ಎಂದು ಗೊತ್ತಿದ್ದೂ ಗಾಡಿ ಓಡಿಸಿದರೆ ಮೊದಲ ಸಲ 1000 ರೂಪಾಯಿವರೆಗೆ, ಮತ್ತೆ ಮಾಡಿದರೆ 2000 ರೂಪಾಯಿವರೆಗೆ ದಂಡ. ದಂಡ ಸಣ್ಣದು. ಅಪಘಾತವಾದ ಮೇಲೆ ಆ ಘೋಷಣೆಯ ಕಾಗದ ಯಾರ ಕೈಗೆ ಹೋಗುತ್ತದೆ ಎನ್ನುವುದು ಸಣ್ಣ ವಿಷಯವಲ್ಲ.

ಒಂದೇ ಕಣ್ಣಿನ ನೋಟ ಇರುವವರು ಕೇಳುತ್ತಾರೆ, ನಮ್ಮ ಗತಿ ಏನು ಅಂತ. ಫಾರಂನಲ್ಲಿ ಅದಕ್ಕೂ ಜಾಗ ಇದೆ. ಕನಿಷ್ಠ ಐದು ವರ್ಷ ಲೈಸೆನ್ಸ್ ಇದ್ದು, ಆಮೇಲೆ ಒಂದು ಕಣ್ಣಿನ ನೋಟ ಹೋದವರು, ಸ್ಟೀರಿಂಗ್ ಇರುವ ಕಡೆಗೆ ಹೊರಗನ್ನಡಿ ಇರುವ, ಬಾಡಿಗೆಯದಲ್ಲದ ಲಘು ವಾಹನಕ್ಕೆ ಒಂದೇ ಕಣ್ಣಿನ ಲೆಕ್ಕದಲ್ಲಿ ಉತ್ತರ ಕೊಡಬಹುದು.

ಈಗ ಚಾಳೀಸಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಲೈಸೆನ್ಸಿಗೆ ವೈದ್ಯರ ಸರ್ಟಿಫಿಕೇಟು ಬೇಕಾಗುವುದೂ ನಲವತ್ತು ದಾಟಿದ ಮೇಲೆಯೇ. ಅದು ಫಾರಂ 1ಎ. ಬಾಡಿಗೆ ವಾಹನದವರಿಗೆ ಯಾವ ವಯಸ್ಸಿನಲ್ಲೂ ಬೇಕು. ಅದರಲ್ಲೂ ಅದೇ 25 ಮೀಟರ್ ಪ್ರಶ್ನೆಯಿದೆ, ಈ ಸಲ ಉತ್ತರಿಸಬೇಕಾದವರು ವೈದ್ಯರು. ಕಣ್ಣಿಗೆ ಟಾರ್ಚನ್ನೂ ಬಿಡದೆ ಸೀಲು ಒತ್ತುವವರು ಇದ್ದಾರೆ, ನಿಮಗೂ ಗೊತ್ತು, ನನಗೂ ಗೊತ್ತು. ಅಂಥ ಸರ್ಟಿಫಿಕೇಟು ಸಿಕ್ಕಿತೆಂದು ಖುಷಿಪಡಬೇಡಿ.

ಚಾಳೀಸು ಹತ್ತಿರದ ಓದಿಗೆ. ದೂರದ ನೋಟ ಸರಿಯಿರುವವರು ಪ್ಲಸ್ ಒಂದೂವರೆ ಹಾಕಿಕೊಂಡರೆ ಸುಮಾರು 66 ಸೆಂಟಿಮೀಟರ್ ಆಚೆಯದೆಲ್ಲ ಮಸುಕು. ಸ್ಪೀಡೋಮೀಟರ್ ಚೆನ್ನಾಗಿ ಕಾಣುತ್ತದೆ, ರಸ್ತೆ ಕಾಣುವುದಿಲ್ಲ. ಮೊಬೈಲ್ ನೋಡಲು ಹಾಕಿಕೊಂಡದ್ದನ್ನು ಮರೆತು ಹಾಗೇ ಗೇರ್ ಹಾಕುವವರನ್ನು ಎಷ್ಟೋ ಸಲ ನೋಡಿದ್ದೇನೆ. ಎರಡೂ ಬೇಕೆನ್ನುವವರು ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಮಾಡಿಸಿಕೊಳ್ಳಿ.

ಇದಕ್ಕೆ ಉಲ್ಟಾ ಒಂದು ಸಂಗತಿ ಇದೆ. ಅರವತ್ತರ ಆಸುಪಾಸಿನ ಯಜಮಾನರು ಬಂದು, "ಈಗ ಚಾಳೀಸೇ ಬೇಡ, ಪೇಪರು ಬರಿಗಣ್ಣಲ್ಲೇ ಓದ್ತೀನಿ, ಕಣ್ಣು ಸುಧಾರಿಸಿದೆ" ಎನ್ನುತ್ತಾರೆ. ಸುಧಾರಿಸಿರುವುದಿಲ್ಲ. ಕಣ್ಣಿನ ಮಸೂರದ ನಡುಭಾಗದಲ್ಲಿ ಪೊರೆ ಗಟ್ಟಿಯಾಗುತ್ತಾ ಬಂದಾಗ ಕಣ್ಣು ಮೈನಸ್ ಕಡೆಗೆ ಜಾರುತ್ತದೆ. ಹತ್ತಿರದ್ದು ಚೆನ್ನಾಗಿ ಕಾಣುತ್ತದೆ, ದೂರದ್ದು ಅಷ್ಟೇ ಕೆಡುತ್ತದೆ. ಮನೆಯವರು ಈ ಮಾತು ಕೇಳಿದರೆ ಅವರನ್ನು ಪ್ಲೇಟು ಓದಿಸಿ ನೋಡಿ. ಸಕ್ಕರೆ ಕಾಯಿಲೆ ಇರುವವರಿಗೂ ಒಂದು ಮಾತು: ಸಕ್ಕರೆ ಏರಿಳಿಯುವಾಗ ಪವರೂ ಏರಿಳಿಯುತ್ತದೆ. ಹತೋಟಿಗೆ ಬಂದ ಮೇಲೆ ಕನ್ನಡಕ ಮಾಡಿಸಿ, ಇಲ್ಲದಿದ್ದರೆ ದುಡ್ಡು ದಂಡ.

ಲೈಸೆನ್ಸಿನ ಅವಧಿಯನ್ನು ನೋಡಿದರೆ ಇದೆಲ್ಲ ಏಕೆ ಮನೆಯಲ್ಲೇ ಮಾಡಿಕೊಳ್ಳಬೇಕು ಅಂತ ತಿಳಿಯುತ್ತದೆ. ಸ್ವಂತ ಗಾಡಿಯವರು ನಲವತ್ತೊಂದಕ್ಕೆ ನವೀಕರಿಸಿದರೆ ಹತ್ತು ವರ್ಷ ಯಾರೂ ಏನೂ ಕೇಳುವುದಿಲ್ಲ. ಐವತ್ತೈದು ದಾಟಿದ ಮೇಲಷ್ಟೇ ಐದೈದು ವರ್ಷಕ್ಕೆ ಇಳಿಯುತ್ತದೆ. ಹತ್ತು ವರ್ಷದಲ್ಲಿ ಕಣ್ಣಿಗೆ ಏನು ಬೇಕಾದರೂ ಆಗಬಹುದು.

ಮಾಡುವ ಕ್ರಮ ಹೀಗೆ. ಬಿಸಿಲಿನ ಹೊತ್ತು, ಸೂರ್ಯ ಬೆನ್ನ ಹಿಂದೆ ಇರುವಂತೆ ನಿಲ್ಲಿ. ನಿಂತಿರುವ ಕಾರು ಬೇಕು. ಬೈಕಿನ ಪ್ಲೇಟಿನ ಅಕ್ಷರ ಚಿಕ್ಕದು, ಅದರಿಂದ ಅಳೆದರೆ ಸುಮ್ಮನೆ ಗಾಬರಿಯಾಗುತ್ತೀರಿ. ಅಕ್ಷರಗಳನ್ನು ಬೇಕಾದ ಹಾಗೆ ತಿರುಚಿ ಬರೆಸಿದ ಹಳೆಯ ಪ್ಲೇಟು ಬೇಡ, ಎಚ್‌ಎಸ್‌ಆರ್‌ಪಿ ಇರುವುದನ್ನು ಆರಿಸಿ. ನಿಮ್ಮದೇ ಕಾರೂ ಬೇಡ, ಬಾಯಿಪಾಠ ಇರುತ್ತದೆ. ಟೇಪು ಹಿಡಿದು 25 ಮೀಟರ್ ಅಳೆಯಿರಿ. ಅಂಗೈಯಿಂದ ಒಂದು ಕಣ್ಣು ಮುಚ್ಚಿ, ಒತ್ತಬೇಡಿ, ಒತ್ತಿದರೆ ಆಮೇಲೆ ಆ ಕಣ್ಣು ಸ್ವಲ್ಪ ಹೊತ್ತು ಮಂಜಾಗುತ್ತದೆ. ಕಣ್ಣು ಕಿರಿದು ಮಾಡಿ ಓದಿದ್ದು ಲೆಕ್ಕಕ್ಕಿಲ್ಲ. ಆಗ ರೆಪ್ಪೆಯ ಸಂದಿಯೇ ಆ ಸೂಜಿ ತೂತಿನ ಕೆಲಸ ಮಾಡುತ್ತದೆ. 8 ಮತ್ತು ಬಿ, 0 ಮತ್ತು ಡಿ ಅದಲುಬದಲಾದರೆ ನೀವು ಗಡಿಯಲ್ಲಿದ್ದೀರಿ ಎಂದರ್ಥ. ಆಮೇಲೆ ಇನ್ನೊಂದು ಕಣ್ಣಿಗೆ ಬೇರೆ ಕಾರು.

ಪ್ಲೇಟು ಓದಿಬಿಟ್ಟರೆ ಎಲ್ಲ ಸರಿ ಅಂತಲೂ ಅಲ್ಲ. ಗ್ಲಾಕೋಮಾ ಇರುವವರು ನೇರ ನೋಟದಲ್ಲಿ ಪ್ಲೇಟನ್ನು ಪಟಪಟ ಓದುತ್ತಾರೆ, ಪಕ್ಕದ ಗಲ್ಲಿಯಿಂದ ನುಗ್ಗಿದ ಸ್ಕೂಟರ್ ಅವರಿಗೆ ಕಾಣದೇ ಹೋಗಬಹುದು. ಬ್ರಿಟನ್ನಿನಲ್ಲಿ ಅದಕ್ಕೇ ಅಡ್ಡಕ್ಕೆ 120 ಡಿಗ್ರಿ ನೋಟ ಇರಬೇಕು ಎನ್ನುತ್ತಾರೆ. ಶುರುವಿನ ಪೊರೆ ಇರುವವರು ಹಗಲಲ್ಲಿ ಓದುತ್ತಾರೆ, ರಾತ್ರಿ ಎದುರು ಗಾಡಿಯ ಹೈಬೀಮ್ ಬಿದ್ದರೆ ಎಲ್ಲವೂ ಬಿಳಿ ಬಿಳಿ. ಬಾಗಿಲ ಚೌಕಟ್ಟಿಗೆ ಪದೇ ಪದೇ ಭುಜ ತಾಗುತ್ತಿದ್ದರೆ, ಸಂಜೆ ಆರರ ಮೇಲೆ ಗಾಡಿ ತೆಗೆಯಲು ಮನಸ್ಸೇ ಬರದಿದ್ದರೆ, 25 ಮೀಟರಿನ ಪರೀಕ್ಷೆ ಪಾಸಾದರೂ ಕಣ್ಣಿನ ವೈದ್ಯರ ಹತ್ತಿರ ಹೋಗಿ ಕಣ್ಣಿನ ಒತ್ತಡ ಮತ್ತು ಅಡ್ಡನೋಟದ ಪರೀಕ್ಷೆ ಮಾಡಿ ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಬಹಳ ಕಡೆ ಪವರ್ ಮಾತ್ರ ನೋಡಿ ಕಳಿಸುತ್ತಾರೆ.

ಟೇಪು ನಾನೇ ತಂದಿದ್ದೇನೆ. ಹೊರಗೆ ಗೇಟಿನ ಹತ್ತಿರ ಒಂದು ಕಾರು ನಿಂತಿದೆ. ಬೆಳಕಿರುವಾಗಲೇ ಬಂದುಬಿಡಿ, ಕನ್ನಡಕ ಇರುವವರು ಕನ್ನಡಕ ತನ್ನಿ.